ಗಿಫ್ಟ್ ಬಾಕ್ಸ್ ಮೆಸೇಜ್ ಬರೆಯೋಕೆ ಮುಂಚೆ ಅಡುಗೆಮನೆಗೆ ಹೋಗಿ

ಮೈಸೂರಿನಲ್ಲಿ ನಮ್ಮದೊಂದು ಸಿಹಿತಿಂಡಿ ಅಂಗಡಿ. ಮಾವ ಗಲ್ಲಾ ನೋಡಿಕೊಳ್ಳುತ್ತಾರೆ, ವಾಟ್ಸಾಪ್ ನನ್ನ ಕೈಯಲ್ಲಿದೆ. 2025ರ ದೀಪಾವಳಿಗೆ ಗಿಫ್ಟ್ ಬಾಕ್ಸ್‌ಗಳ ಮುಂಗಡ ಆರ್ಡರ್ ತೆಗೆದುಕೊಳ್ಳೋಕೆ ಬ್ರಾಡ್‌ಕಾಸ್ಟ್ ಮೆಸೇಜ್ ಹೇಗೆ ಸಿದ್ಧ ಮಾಡಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಲೆಕ್ಕದಲ್ಲಿ ಒಳ್ಳೆಯ ಮೆಸೇಜ್ ಅಂದರೆ, ಓದಿದವರು ಒಂದೇ ಸಾಲಿನಲ್ಲಿ ಪೂರ್ತಿ ಆರ್ಡರ್ ಕಳಿಸುವಂತೆ ಮಾಡುವ ಮೆಸೇಜ್. "ರೇಟ್ ಎಷ್ಟು?", "ಏನೇನಿರುತ್ತೆ?", "ಯಾವಾಗ ಸಿಗುತ್ತೆ?" ಅಂತ ಪ್ರತಿಯೊಬ್ಬರೂ ಕೇಳುವಂತಾದರೆ, ಹಬ್ಬದ ಗಲಾಟೆಯಲ್ಲಿ ಉತ್ತರ ಕೊಡೋಕೇ ಒಬ್ಬರು ಬೇಕು.

ಮೊದಲು ತಾರೀಖು ನೋಡಿದೆ. ನರಕ ಚತುರ್ದಶಿ ಅಕ್ಟೋಬರ್ 20, ಸೋಮವಾರ. ಬಲಿಪಾಡ್ಯಮಿ 22, ಬುಧವಾರ. ಅಂದರೆ ಆಫೀಸಿನವರು ಸಿಬ್ಬಂದಿಗೆ ಬಾಕ್ಸ್ ಹಂಚೋದು 17ರ ಶುಕ್ರವಾರ ಅಥವಾ ಶನಿವಾರವೇ. ಅಲ್ಲಿ ಪಡೆದವರು ಅದನ್ನು ಊರಿಗೆ ಒಯ್ದು, ಹಬ್ಬದ ದಿನ ಬಿಚ್ಚಬಹುದು. ಇದೊಂದೇ ಕಾರಣಕ್ಕೆ ಪೇಡ, ಕಲಾಕಂದ್‌ನಂಥ ಹಾಲಿನ ಸಿಹಿಗಳನ್ನು ಬಾಕ್ಸ್‌ನಿಂದ ಹೊರಗಿಟ್ಟೆ. ಅವು ಎರಡು ಮೂರು ದಿನದಲ್ಲಿ ಹುಳಿ ವಾಸನೆ ಬರೋಕೆ ಶುರುವಾಗುತ್ತವೆ, ಬಸ್ಸಿನ ಸೆಕೆಯಲ್ಲಿ ಇನ್ನೂ ಬೇಗ. ತುಪ್ಪದ ಮೈಸೂರು ಪಾಕ್, ಬೇಸನ್ ಲಾಡು, ಗೋಡಂಬಿ ಬರ್ಫಿ, ಇಷ್ಟೇ ಸಾಕು ಅಂತ ತೀರ್ಮಾನಿಸಿದೆವು. ಪೇಡ ಬೇಕಾದವರು ಹಬ್ಬದ ಹಿಂದಿನ ದಿನ ಅಂಗಡಿಗೆ ಬಂದು ತಾಜಾ ತಗೊಳ್ಳಲಿ.

ಆಮೇಲೆ ಒಲೆ ಹತ್ತಿರ ಹೋದೆ. "ಭಟ್ರೇ, ಅಂಗಡಿ ವ್ಯಾಪಾರಕ್ಕೆ ಮಾಡೋದು ಬಿಟ್ಟು ಬಾಕ್ಸ್‌ಗೆ ಅಂತ ದಿನಕ್ಕೆ ಎಷ್ಟು ಆಗುತ್ತೆ?" ಅಂದೆ. "ನಲವತ್ತು ಕೆಜಿ ಅಕ್ಕ. ಅದಕ್ಕಿಂತ ಜಾಸ್ತಿ ಆದ್ರೆ ಪಾಕದ ಮೇಲೆ ಕಣ್ಣಿಡೋಕಾಗಲ್ಲ," ಅಂದರು. ಮೈಸೂರು ಪಾಕ್‌ನಲ್ಲಿ ಎಳೆ ಪಾಕ ಸ್ವಲ್ಪ ಮುಂದೆ ಹೋದರೂ ಬಿಲ್ಲೆ ಗಟ್ಟಿಯಾಗುತ್ತದೆ, ಅದು ನಮ್ಮ ಹೆಸರಿನ ಮಾತು. 15, 16, 17, ಮೂರು ದಿನಕ್ಕೆ 120 ಕೆಜಿ. ಹಾಗಾಗಿ ಆರ್ಡರ್‌ಗೆ ಕೊನೆಯ ದಿನ 14, ಮಂಗಳವಾರ. ಕೊನೆಯ ದಿನವನ್ನು ಸುಮ್ನೆ ಆತುರ ಹುಟ್ಟಿಸೋಕೆ ಹಾಕಬಾರದು. ಒಲೆಯಿಂದ ಬಂದ ತಾರೀಖಾದರೆ, "ಇನ್ನೊಂದು ದಿನ ಬಿಡಿ ಅಕ್ಕ" ಅಂದವರಿಗೂ ಕಾರಣ ಹೇಳಿ ಇಲ್ಲ ಅನ್ನಬಹುದು.

ಆಮೇಲೆ ಕೂತು ಬರೆದದ್ದು ಇದು:

```
*ದೀಪಾವಳಿ ಗಿಫ್ಟ್ ಬಾಕ್ಸ್. ಆರ್ಡರ್‌ಗೆ ಕೊನೇ ದಿನ ಅ. 14, ಮಂಗಳವಾರ*
ಚಿಕ್ಕದು, ಅರ್ಧ ಕೆಜಿ: ₹390
ದೊಡ್ಡದು, ಒಂದು ಕೆಜಿ: ₹760

ತುಪ್ಪದ ಮೈಸೂರು ಪಾಕ್, ಬೇಸನ್ ಲಾಡು, ಗೋಡಂಬಿ ಬರ್ಫಿ.
ತೂಕ ಡಬ್ಬಿ ಬಿಟ್ಟು. ಫ್ರಿಜ್ ಬೇಡ, ಅ. 24ರೊಳಗೆ ತಿನ್ನಿ.

ಅಂಗಡಿಯಲ್ಲಿ ಸಿಗೋದು: ಅ. 17 ಶುಕ್ರವಾರದಿಂದ 19 ಭಾನುವಾರ,
ಬೆಳಿಗ್ಗೆ 10ರಿಂದ ರಾತ್ರಿ 8.

ಆರ್ಡರ್ ಮಾಡೋಕೆ ಹೀಗೆ ಬರೆದು ಕಳಿಸಿ:
ಸುಮಾ, ಚಿಕ್ಕದು 4, ದೊಡ್ಡದು 1, ಶನಿವಾರ ಸಂಜೆ

ಅರ್ಧ ಹಣ ಅಡ್ವಾನ್ಸ್ ಬಂದ ಮೇಲೆ ಆರ್ಡರ್ ಪಕ್ಕಾ.
120 ಕೆಜಿ ಆದ ಕೂಡಲೇ ಆರ್ಡರ್ ನಿಲ್ಲಿಸುತ್ತೇವೆ.
```

ಮೊದಲ ಸಾಲಿನಲ್ಲಿ "ಆತ್ಮೀಯ ಗ್ರಾಹಕರೇ, ದೀಪಾವಳಿಯ ಹಾರ್ದಿಕ ಶುಭಾಶಯಗಳು" ಅಂತ ಇರಬೇಕು ಅನ್ನೋದು ಮಾವನ ಆಸೆ. ಆದರೆ ಫೋನಿನ ಮೇಲೆ ನೋಟಿಫಿಕೇಶನ್ ಬಂದಾಗ ಕಾಣೋದು ಆ ಮೊದಲ ಸಾಲು ಮಾತ್ರ. ಹಬ್ಬದ ವಾರ ಎಲ್ಲರಿಗೂ ಶುಭಾಶಯ ರಾಶಿ ಬಂದು ಬೀಳುತ್ತದೆ, ನಮ್ಮದೂ ಅದರಲ್ಲಿ ಮುಚ್ಚಿಹೋಗುತ್ತದೆ. ಉದ್ದ ಮೆಸೇಜ್ ಆದರೆ ಕೆಳಗಿನದು "Read more" ಹಿಂದೆ ಅಡಗುತ್ತದೆ. ಅದಕ್ಕೇ ಏನು, ಯಾವಾಗಿನೊಳಗೆ, ಎಷ್ಟು ಅನ್ನೋ ಮೂರೂ ಮೇಲೇ ಬಂದವು. ಶುಭಾಶಯವನ್ನು ಬಾಕ್ಸ್ ಕೊಡುವಾಗ ಮಾವನೇ ಬಾಯಲ್ಲಿ ಹೇಳುತ್ತಾರೆ. ಅದೇ ಚಂದ ಅಲ್ವಾ?

ಬಾಕ್ಸ್‌ಗಳಿಗೆ 1, 2 ಅಂತ ನಂಬರ್ ಕೊಡಬೇಡಿ. "2 ಬೇಕು" ಅಂತ ಬಂದರೆ ಎರಡನೇ ಬಾಕ್ಸೋ, ಎರಡು ಬಾಕ್ಸೋ ಗೊತ್ತಾಗಲ್ಲ. ಚಿಕ್ಕದು, ದೊಡ್ಡದು ಅಂದರೆ ಆ ತೊಡಕೇ ಇಲ್ಲ. ಹಾಗೆಯೇ "ಹೆಸರು, ಬಾಕ್ಸ್, ಸಂಖ್ಯೆ, ದಿನ" ಅಂತ ಖಾಲಿ ಫಾರಂ ಕೊಟ್ಟರೆ ಜನ ತುಂಬುವುದಿಲ್ಲ. ತುಂಬಿದ ಒಂದು ಸಾಲು ಕೊಟ್ಟರೆ ಅದನ್ನೇ ನೋಡಿ ಬರೆಯುತ್ತಾರೆ. ಮೆಸೇಜಿನಲ್ಲಿ ಅತಿ ಹೆಚ್ಚು ಕೆಲಸ ಮಾಡಿದ ಸಾಲು ಸುಮಾ ಅವರದೇ. ವಯಸ್ಸಾದವರು ಮಾತ್ರ ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಅದನ್ನು ಕೇಳಿ, ನಾನೇ ಆ ರೀತಿ ಟೈಪ್ ಮಾಡಿ, "ಸರಿನಾ ಅಜ್ಜಿ?" ಅಂತ ವಾಪಸ್ ಕಳಿಸಿ ಒಪ್ಪಿಗೆ ಪಡೆದೆ.

ಮೆಸೇಜ್ ಜೊತೆಗೆ ಮುಚ್ಚಳ ತೆಗೆದ ಬಾಕ್ಸ್‌ನ ಒಂದೇ ಫೋಟೋ, ಬೆಳಿಗ್ಗೆ ಬಾಗಿಲ ಬೆಳಕಿನಲ್ಲಿ ತೆಗೆದದ್ದು. ಬರಹವನ್ನು ಫೋಟೋ ಮೇಲೆ ಕೂರಿಸಲಿಲ್ಲ, ಅದರ ಕೆಳಗೆ ಹಾಕಿದೆ. ಪೋಸ್ಟರ್ ಮಾಡಿಬಿಟ್ಟರೆ ಗಿರಾಕಿಗಳಿಗೆ ಆ ಮಾದರಿ ಸಾಲನ್ನು ಕಾಪಿ ಮಾಡೋಕೂ ಆಗಲ್ಲ, ಆಮೇಲೆ ಚಾಟ್‌ನಲ್ಲಿ ಹುಡುಕೋಕೂ ಆಗಲ್ಲ.

ಇನ್ನು ಕಳಿಸುವ ಕೆಲಸ. ಒಂದು ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರವರೆಗೆ ಸೇರಿಸಬಹುದು. ಆದರೆ ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಅದಕ್ಕೆ ದಸರಾ ವ್ಯಾಪಾರದಲ್ಲೇ, ಬಿಲ್ ಕೊಡುವಾಗ "ನಮ್ಮ ನಂಬರ್ ಸೇವ್ ಮಾಡ್ಕೊಳ್ಳಿ, ದೀಪಾವಳಿ ಬಾಕ್ಸ್ ವಿಷಯ ಕಳಿಸ್ತೀವಿ" ಅಂತ ಕೇಳಿ, ಹೂಂ ಅಂದವರನ್ನು ಮಾತ್ರ ಪಟ್ಟಿಗೆ ಹಾಕಿದೆವು. ಯಾರಿಗೆ ತಲುಪಿತು ಅಂತ ತಿಳಿಯೋಕೆ, ಕಳಿಸಿದ ಮೆಸೇಜನ್ನು ಒತ್ತಿ ಹಿಡಿದು "Info" ನೋಡಬೇಕು. ಮರುದಿನವೂ ಅಲ್ಲಿ ಹೆಸರು ಬರದಿದ್ದರೆ ಹೆಚ್ಚಾಗಿ ಅವರು ನಂಬರ್ ಸೇವ್ ಮಾಡಿಲ್ಲ. ಹಳೇ ಗಿರಾಕಿಯಾದರೆ ಫೋನ್ ಮಾಡಿ ಹೇಳಿದೆ.

ಪಟ್ಟಿ ಎರಡು ಮಾಡಿದೆ, ಮನೆಯವರದ್ದು ಒಂದು, ಆಫೀಸಿನವರದ್ದು ಒಂದು. ಮನೆಯವರಿಗೆ ಅ. 5ರ ಭಾನುವಾರ ಬೆಳಿಗ್ಗೆ ಕಳಿಸಿದೆ. ಸಂಬಳ ಬಂದಿರುತ್ತದೆ, ಎಲ್ಲರೂ ಮನೆಯಲ್ಲಿದ್ದು ಯಾರ್ಯಾರಿಗೆ ಕೊಡಬೇಕು ಅಂತ ಕೂಡಲೇ ಲೆಕ್ಕ ಹಾಕುತ್ತಾರೆ. ಆಫೀಸಿನವರಿಗೆ ಸೋಮವಾರ ಹನ್ನೊಂದು ಗಂಟೆಗೆ. ಅವರ ಮೆಸೇಜಿನಲ್ಲಿ ಎರಡು ಸಾಲು ಜಾಸ್ತಿ: ಶುಕ್ರವಾರ ಬೆಳಿಗ್ಗೆಯೇ ಬಾಕ್ಸ್ ಸಿದ್ಧ, ಬಿಲ್ ಯಾವ ಹೆಸರಿಗೆ ಅಂತ ತಿಳಿಸಿ.

ಆರ್ಡರ್ ಬಂದ ತಕ್ಷಣ ಅದನ್ನೇ ಮೊತ್ತದ ಜೊತೆ ತಿರುಗಿಸಿ ಬರೆಯುತ್ತಿದ್ದೆ: "ಚಿಕ್ಕದು 4, ದೊಡ್ಡದು 1, ಒಟ್ಟು ₹2,320. ಅಡ್ವಾನ್ಸ್ ₹1,160. ಶನಿವಾರ ಸಂಜೆ." ಜೊತೆಗೆ ಕ್ಯೂಆರ್ ಕೋಡ್. ಬಿಸಿನೆಸ್ ಆ್ಯಪ್‌ನಲ್ಲಿ ಆ ಚಾಟ್‌ಗೆ "Pending payment" ಲೇಬಲ್, ಹಣ ಬಂದ ಮೇಲೆ "Paid". ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ಲೇಬಲ್ ಬದಲಿಸಲಿಲ್ಲ, ನಮ್ಮ ಖಾತೆಗೆ ಬಂದದ್ದು ನೋಡಿಯೇ ಬದಲಿಸಿದೆ. ಪ್ರತಿ ರಾತ್ರಿ "Paid" ಚಾಟ್‌ಗಳ ಕೆಜಿ ಕೂಡಿ ಭಟ್ಟರಿಗೆ ಹೇಳುತ್ತಿದ್ದೆ. ಸುಮಾ ಥರದ ಆರ್ಡರ್ ಅಂದರೆ ಮೂರು ಕೆಜಿ.

13ರ ಸಂಜೆ ನೆನಪಿನ ಮೆಸೇಜ್ ಎರಡೇ ಸಾಲು, ಅದೂ ಆರ್ಡರ್ ಮಾಡದವರಿಗೆ ಮಾತ್ರ. ಆಗಲೇ ಹಣ ಕೊಟ್ಟವರಿಗೆ ಅದೇ ಮೆಸೇಜ್ ಮತ್ತೆ ಹೋದರೆ, ತಮ್ಮ ಆರ್ಡರ್ ಸೇರಿದೆಯೋ ಇಲ್ಲವೋ ಅಂತ ಗಾಬರಿಯಾಗುತ್ತಾರೆ. 14ರ ರಾತ್ರಿ ಸ್ಟೇಟಸ್‌ಗೆ ಹಾಕಿದ್ದು: "ಬಾಕ್ಸ್ ಆರ್ಡರ್ ಮುಗಿಯಿತು. ಬಿಡಿ ಮೈಸೂರು ಪಾಕ್, ಪೇಡ ಹಬ್ಬದವರೆಗೂ ಅಂಗಡಿಯಲ್ಲಿ ಸಿಗುತ್ತೆ."