ಒಂದು ಸಾಲಿಗೆ ಒಂದೇ ಕೆಲಸ: ಪಿಯು ಇಂಟಿಗ್ರಲ್‌ನಲ್ಲಿ ನನ್ನ ಅನುಭವ

ಎರಡನೇ ಪಿಯು ಮಕ್ಕಳಿಗೆ ಮನೆಯಲ್ಲೇ ಗಣಿತ ಹೇಳಿಕೊಡುತ್ತೇನೆ. ಇಂಟಿಗ್ರಲ್‌ನಲ್ಲಿ ಒಂದು ಸಾಲಿಗೆ ಒಂದೇ ಕೆಲಸ ಮಾಡಿಸಲು ಶುರು ಮಾಡಿದಾಗ ಜೊತೆಯ ಮೇಷ್ಟ್ರುಗಳು ಒಪ್ಪಲಿಲ್ಲ. "ಟೈಮ್ ಸಾಲಲ್ಲ ಸಾರ್" ಅಂದರು. ಈಗ ಅವರೇ ನನ್ನ ಹುಡುಗರ ನೋಟ್ಸ್ ಕೇಳುತ್ತಾರೆ.

ಉತ್ತರ ಸರಿ ಇದ್ದರೂ ಅಂಕ ಹೋಗೋದು ಎಲ್ಲಿ ಅಂತ ತಿಳಿಯಲು ಕೆಲವರ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿದೆ. ಒಂದು ವಿಷಯಕ್ಕೆ ಸುಮಾರು 500 ರೂಪಾಯಿ. ಮರುಮೌಲ್ಯಮಾಪನಕ್ಕೆ ಅದರ ಮೂರು ಪಟ್ಟು ಕಟ್ಟಿದವರೂ ಇದ್ದರು. ಬರೆಯದ ಸಾಲಿಗೆ ಅಂಕ ಹೇಗೆ ಸಿಗುತ್ತೆ? ಆ ದುಡ್ಡು ಹೋಯಿತು.

ಕೊನೇ ಭಾಗದ ಪ್ರಾಪರ್ಟಿ ಪ್ರಶ್ನೆಯನ್ನೇ ತಗೊಳ್ಳಿ. ಮೊದಲು ಸಾಧನೆ: 0 ಇಂದ a ವರೆಗೆ f(x) ನ ಇಂಟಿಗ್ರಲ್, ಅದೇ ಲಿಮಿಟ್‌ನಲ್ಲಿ f(a − x) ನ ಇಂಟಿಗ್ರಲ್‌ಗೆ ಸಮ ಅಂತ ತೋರಿಸಬೇಕು. t = a − x ಅಂತ ಎಲ್ಲರೂ ಬರೆಯುತ್ತಾರೆ. dx = −dt, x = 0 ಆದರೆ t = a, x = a ಆದರೆ t = 0, ಇದನ್ನು ಮನಸ್ಸಲ್ಲೇ ಮುಗಿಸುತ್ತಾರೆ. ಆಮೇಲೆ ಮೈನಸ್ ಮಾಯವಾಗುತ್ತೆ, ಲಿಮಿಟ್ ತಿರುಗುತ್ತೆ. ಯಾಕೆ ಅಂತ ಕಾಗದದ ಮೇಲೆ ಇರುವುದಿಲ್ಲ. ಕೊನೆಗೆ t ಜಾಗಕ್ಕೆ x ಹಾಕುವ ಸಾಲು ಬೇರೆಯೇ ಬರಬೇಕು. ಅದನ್ನು ಬಿಟ್ಟವರೇ ಜಾಸ್ತಿ.

ನಂತರ 0 ಇಂದ π/4 ವರೆಗೆ log(1 + tan x). ನಾನು ಬರೆಸುವುದು ಹೀಗೆ:

```
I = ∫ log(1 + tan x) dx            ...(1)
  = ∫ log(1 + tan(π/4 − x)) dx
  = ∫ log(1 + (1 − tan x)/(1 + tan x)) dx
  = ∫ log(2/(1 + tan x)) dx
  = ∫ log 2 dx − I
2I = (π/4) log 2
I = (π/8) log 2
```

ಪರೀಕ್ಷೆಯಲ್ಲಿ ಪ್ರತಿ ∫ ಮೇಲೂ ಲಿಮಿಟ್ ಇರಲೇಬೇಕು. ಎರಡನೇ ಸಾಲಿನ ಪಕ್ಕ 'ಮೇಲಿನ ಪ್ರಾಪರ್ಟಿಯಿಂದ' ಅಂತ ಎರಡೇ ಪದ ಸಾಕು. ಮೂರನೇ ಸಾಲು ಹಾರಿಸಬೇಡಿ. ಅಲ್ಲಿ ಒಂದು ಚಿಹ್ನೆ ತಪ್ಪಿದರೆ ಉತ್ತರ ಕೆಡುತ್ತೆ. ಆದರೆ ಸೂತ್ರ ಹಾಕಿದ್ದು ಕಂಡರೆ ಅದರ ಅಂಕವಾದರೂ ಉಳಿಯುತ್ತೆ. ಮೂರು ಕೆಲಸ ಒಂದೇ ಸಾಲಿಗೆ ತುರುಕಿದರೆ ಮೂರೂ ಹೋಗುತ್ತವೆ. ಐದನೇ ಸಾಲಿನಲ್ಲಿ I ಮತ್ತೆ ಬಂದಿದ್ದು (1) ರಿಂದ ಅಂತ ತೋರಿಸಲು ಆ ನಂಬರ್ ಬೇಕು.

ಮೊದಲು ಪ್ರತಿ ಸಾಲಿಗೂ ಪೂರ್ತಿ ವಾಕ್ಯದಲ್ಲಿ ಕಾರಣ ಬರೆಸಿ ನೋಡಿದೆ. ಟೈಮ್ ನಿಜಕ್ಕೂ ಸಾಲಲಿಲ್ಲ. ಹಾಳೆಯನ್ನು ಮಧ್ಯೆ ಮಡಚಿ ಬಲಗಡೆ ರಫ್ ಕೆಲಸ ಮಾಡಿಸಿದೆ. ರಫ್‌ನಲ್ಲಿದ್ದ ಮುಖ್ಯ ಸಾಲು ಎಡಕ್ಕೆ ಬರಲೇ ಇಲ್ಲ. ಕಾರಣ ಎರಡು ಪದಕ್ಕೆ ಇಳಿದ ಮೇಲೆ ಈ ಲೆಕ್ಕ ಐದಾರು ನಿಮಿಷಕ್ಕೆ ಮುಗಿಯುತ್ತೆ.

ಹೋದ ಬ್ಯಾಚ್‌ನಲ್ಲಿ ಹತ್ತು ಹನ್ನೆರಡು ಮಕ್ಕಳಿದ್ದರು. ಈ ಪ್ರಶ್ನೆ ಬರೆದವರಲ್ಲಿ ಒಬ್ಬರೂ ಅಂಕ ಕಳೆದುಕೊಂಡ ಹಾಗೆ ಕಾಣಲಿಲ್ಲ. ಯಾವ ಸಾಲು ಬಿಟ್ಟಿದ್ದಾರೆ ಅಂತ ಮಕ್ಕಳೇ ಅರ್ಧ ನಿಮಿಷದಲ್ಲಿ ಹಿಡಿಯುವ ಒಂದು ಉಪಾಯವೂ ಇದೆ. ಅದು ಸದ್ಯಕ್ಕೆ ನನ್ನ ಬ್ಯಾಚ್‌ಗೆ ಮಾತ್ರ.