ಅಡಲೀಸ್ ತರ್ ಪುಢಂ ಚಲ್: ಹೆಂಡತಿಯ ಟಿಇಟಿಗೆ ನಾನು ಬರೆದ ಮರಾಠಿ ಚೀಟಿ

ಮೂರನೇ ಸಲಕ್ಕೆ ನನ್ನ ಹೆಂಡತಿ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಪಾಸಾದಳು. ಒಂದನೇ ಪೇಪರಿಗೆ 97, ಎರಡನೆಯದಕ್ಕೆ 93ರ ಹತ್ತಿರ. ಓದಿದ್ದು ಅವಳು, ಬರೆದದ್ದು ಅವಳು. ಆದರೆ ಆವತ್ತು ಬೆಳಗ್ಗೆ ಚಹಾ ಕುಡಿಯುತ್ತಾ ಅವಳು ಓದಿದ ಮರಾಠಿ ಚೀಟಿ ನನ್ನದು. ಆ ಚೀಟಿ ಕೆಲಸ ಮಾಡಿತು ಅಂತ ಅವಳೇ ಹೇಳಿದಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಬೆಳಗಾವಿ. ನಾನು ಕನ್ನಡದವನು, ಅವಳ ತವರಿನಲ್ಲಿ ಮರಾಠಿ. ನಮ್ಮ ಊರಿನಲ್ಲಿ ಇಂಥ ಮನೆಗಳು ಬಹಳ ಇವೆ. ಚೀಟಿ ವಿಷಯ ಕೇಳಿ ನಮ್ಮ ಅಣ್ಣ, "ಆಕಿಗೆ ಕನ್ನಡ ಚಲೋ ಬರ್ತದಲ್ಲೋ, ಮತ್ಯಾಕ ಈ ಉಸಾಬರಿ?" ಅಂದಿದ್ದ. ಕನ್ನಡ ಬರುತ್ತದೆ, ನಿಜ. ಆದರೆ ಹೆದರಿಕೆಯಾದಾಗ ಅವಳು ತನಗೆ ತಾನೇ ಮಾತಾಡಿಕೊಳ್ಳುವುದು ಮರಾಠಿಯಲ್ಲೇ. ಅಡುಗೆಮನೆಯಲ್ಲಿ ನಾನು ಎಷ್ಟೋ ಸಲ ಕೇಳಿದ್ದೇನೆ.

ಮೊದಲ ಸಲ ದುಡ್ಡು ಹಾಳಾಯಿತು. ಡಿಟಿಪಿ ಅಂಗಡಿಯಲ್ಲಿ ಮರಾಠಿಯಲ್ಲಿ ಟೈಪ್ ಮಾಡಿಸಿದೆ, ಸುಮಾರು 150 ರೂಪಾಯಿ. ಫ್ರೇಮಿಗೆ ಇನ್ನೊಂದು 400. "ಹಾರ್ದಿಕ ಶುಭೇಚ್ಛಾ" ಅಂತ ದೊಡ್ಡ ಅಕ್ಷರ, ಕೆಳಗೆ "ಪ್ರಯತ್ನಾಂತೀ ಪರಮೇಶ್ವರ". ಈ ಗಾದೆ ಸೇರಿಸಲು ಹೇಳಿದ್ದು ನಮ್ಮ ಗಲ್ಲಿಯ ನಿವೃತ್ತ ಮಾಸ್ತರರು. ಅವಳು ನೋಡಿ, "ಅಹೋ, ಸರ್ಕಲ್‌ನಾಗ ಬ್ಯಾನರ್ ಹಾಕಿದಂಗ ಆತಲ್ರೀ" ಅಂದಳು. ಅವಳ ಮಾತು ಸರಿ. ಶುಭೇಚ್ಛಾ ಅನ್ನುವುದು ಹುಟ್ಟುಹಬ್ಬದ ಬ್ಯಾನರಿನ ಮಾತು, ಗಾದೆ ಶಾಲೆಯ ಗೋಡೆಯ ಮಾತು. ಗಂಡ ಹೆಂಡತಿಗೆ ಹೇಳುವ ಮಾತಲ್ಲ. ಆ ಸಲ ಅವಳಿಗೆ ಒಂದನೇ ಪೇಪರಿನಲ್ಲಿ 82 ಬಂತು. 150ಕ್ಕೆ 90 ಬೇಕಿತ್ತು.

ಎರಡನೇ ಸಲ ನಾನೇ ಕೈಯಿಂದ ಬರೆದೆ. ಅಲ್ಲಿ ವ್ಯಾಕರಣ ಕೈಕೊಟ್ಟಿತು. ಕನ್ನಡದಲ್ಲಿ "ನೀನು ಮಾಡುತ್ತೀಯ" ಅಂದರೆ ಗಂಡಿಗೂ ಅದೇ, ಹೆಣ್ಣಿಗೂ ಅದೇ. ಮರಾಠಿಯಲ್ಲಿ ಹಾಗಲ್ಲ. ಗಂಡಸಿಗೆ "ಕರತೋಸ್", ಹೆಂಗಸಿಗೆ "ಕರತೇಸ್". ನನಗೂ ಇದು ಗೊತ್ತಿತ್ತು. ಆದರೆ ಅವಳ ತವರಿನ ಹೆಂಗಸರು ತಮ್ಮ ಬಗ್ಗೆ ಹೇಳುವಾಗ "ಮೀ ಆಲೋ, ಮೀ ಗೇಲೋ" ಅಂತಾರೆ. ಪುಸ್ತಕದ ಮರಾಠಿಯಲ್ಲಿ ಹೆಂಗಸು "ಆಲೇ, ಗೇಲೇ" ಅನ್ನಬೇಕು. "ಆಲೋ, ಗೇಲೋ" ಅನ್ನುವುದು ಕೊಲ್ಲಾಪುರದ ಕಡೆಯ ಮಾತಿನ ರೀತಿ. ಇವರ ಮನೆಯಲ್ಲಿ "ಓ"ಕಾರವೇ ನಡೆಯುತ್ತದೆ ಅಂದುಕೊಂಡು ನಾನು "ತೂ ಕರೂ ಶಕತೋಸ್", ಅಂದರೆ ನೀನು ಮಾಡಬಲ್ಲೆ, ಅಂತ ಬರೆದುಬಿಟ್ಟೆ. ತಪ್ಪು. "ನಾನು" ಅನ್ನುವಾಗ ಮಾತ್ರ ಅವರಲ್ಲಿ ಆ ರೂಪ. "ನೀನು" ಅಂತ ಹೆಣ್ಣುಮಗಳಿಗೆ ಹೇಳಿದರೆ "ಶಕತೇಸ್" ಆಗಲೇಬೇಕು. ಫೋನಿನಲ್ಲಿ ಅನುವಾದ ಮಾಡಿಕೊಳ್ಳುವವರು ಇದನ್ನು ಜಾಸ್ತಿ ಗಮನಿಸಿ. ಅಲ್ಲಿ ಸಾಮಾನ್ಯವಾಗಿ ಗಂಡಸಿನ ರೂಪವೇ ಬರುತ್ತದೆ, ಇಲ್ಲವೇ "ಶಕತಾ" ಅಂತ ಬಹುವಚನ ಬರುತ್ತದೆ.

ಅದೇ ಸಲ ಇನ್ನೊಂದು ದೊಡ್ಡ ತಪ್ಪಾಯಿತು. ಚೀಟಿಯನ್ನು ಹಾಲ್ ಟಿಕೆಟ್ ಇದ್ದ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದೆ, ಗೇಟಿನ ಹತ್ತಿರ ಸಿಗಲಿ ಅಂತ. ತಪಾಸಣೆ ಮಾಡುವವರು ಅದನ್ನು ಹೊರತೆಗೆದರು. ಕೈಬರಹದ ಕಾಗದ, ಅವರಿಗೆ ಓದಲು ಬಾರದ ಭಾಷೆ. ಕಾಪಿ ಚೀಟಿ ಇರಬಹುದು ಅಂತ ಅವಳನ್ನು ಐದು ನಿಮಿಷ ಪಕ್ಕಕ್ಕೆ ನಿಲ್ಲಿಸಿದರು. ಬಿಟ್ಟರು, ನಿಜ. ಆದರೆ ಒಳಗೆ ಹೋಗಿ ಕೂತಾಗ ಅವಳ ಕೈ ನಡುಗುತ್ತಿತ್ತಂತೆ. ಆ ಸಲ 86. ನಾಲ್ಕು ಅಂಕ ನನ್ನ ಚೀಟಿಯಿಂದಲೇ ಹೋಯಿತು ಅಂತ ಇವತ್ತಿಗೂ ನನಗೆ ಅನಿಸುತ್ತದೆ. ಅತ್ತೆಯವರು, "ಇನ್ನ ಈ ಚೀಟಿ ಗೀಟಿ ಸಾಕು" ಅಂದರು.

ನಾನು ಬಿಡಲಿಲ್ಲ. ಈ ಸಲ ಬರೆಯುವ ಮೊದಲು ಅವಳು ಮನೆಯಲ್ಲಿ ಹಳೇ ಪ್ರಶ್ನೆಪತ್ರಿಕೆ ಬಿಡಿಸುವುದನ್ನು ನಾಲ್ಕು ಭಾನುವಾರ ಪಕ್ಕದಲ್ಲಿ ಕೂತು ನೋಡಿದೆ. 150 ಪ್ರಶ್ನೆ, 150 ನಿಮಿಷ. ಗಣಿತದ 30ರಲ್ಲಿ ಒಂದೆರಡು ಲೆಕ್ಕಕ್ಕೆ ಸಿಕ್ಕಿಕೊಂಡು ಎಂಟ್ಹತ್ತು ನಿಮಿಷ ಕೂತುಬಿಡುತ್ತಿದ್ದಳು. ಕೊನೆಗೆ ಪರಿಸರದ ಭಾಗದಲ್ಲಿ ಗೊತ್ತಿದ್ದ ಪ್ರಶ್ನೆಗಳೇ ಉಳಿಯುತ್ತಿದ್ದವು. ಉತ್ತರ ತುಂಬುವ ಒಎಂಆರ್ ಹಾಳೆಯಲ್ಲಿ ಒಂಬತ್ತೋ ಹತ್ತೋ ಸುತ್ತು ಖಾಲಿ. ಟಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಖಾಲಿ ಬಿಟ್ಟರೆ ನಷ್ಟವೇ. ಹಾಗಾಗಿ ಧೈರ್ಯ ಅಂದರೆ ಅವಳಿಗೆ ಬೇಕಾದದ್ದು ಹೊಗಳಿಕೆ ಅಲ್ಲ. ಆ ಲೆಕ್ಕ ಬಿಟ್ಟು ಮುಂದೆ ಹೋಗಲು ಒಬ್ಬರು ಹೇಳಬೇಕಿತ್ತು.

ಚೀಟಿ ಇಷ್ಟೇ. ಬರೆದದ್ದು ದೇವನಾಗರಿಯಲ್ಲಿ, ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಡುತ್ತೇನೆ:

ವಾಚಲಂಸ್ ತೇವಢಂ ಪುರೇ.
ಗಣಿತಾತ್ ಅಡಲೀಸ್ ತರ್ ಪುಢಂ ಚಲ್. ಪರತ್ ಯೇತಾ ಯೇತಂ.
ಏಕಹೀ ಗೋಲ್ ರಿಕಾಮಾ ಸೋಡೂ ನಕೋಸ್.
ದುಪಾರೀ ಗೇಟಜವಳ್ ಡಬಾ ಘೇಊನ್ ಥಾಂಬತೋ.

ಓದಿದ್ದು ಸಾಕು. ಗಣಿತದಲ್ಲಿ ಸಿಕ್ಕಿಕೊಂಡರೆ ಮುಂದೆ ನಡೆ, ತಿರುಗಿ ಬರಬಹುದು. ಒಂದೂ ಸುತ್ತು ಖಾಲಿ ಬಿಡಬೇಡ. ಮಧ್ಯಾಹ್ನ ಗೇಟಿನ ಹತ್ತಿರ ಡಬ್ಬಿ ಹಿಡಿದು ನಿಂತಿರುತ್ತೇನೆ. ಐದನೇ ಸಾಲೂ ಇತ್ತು. ಅದು ನಮ್ಮಿಬ್ಬರದು, ಹೇಳುವುದಿಲ್ಲ. "ಪುಢೇ" ಅಂತ ಬರೆಯದೆ "ಪುಢಂ" ಅಂತ ಬರೆದದ್ದು ಬೇಕಂತಲೇ. ಅವಳ ತಾಯಿ ಹಾಗೇ ಹೇಳೋದು. "ಘಾಬರೂ ನಕೋಸ್", ಅಂದರೆ ಗಾಬರಿಯಾಗಬೇಡ, ಅನ್ನುವುದನ್ನು ಎರಡು ಸಲ ಬರೆದು ಹೊಡೆದುಹಾಕಿದೆ. ಆ ಪದ ಕಂಡ ಕೂಡಲೇ ಗಾಬರಿ ನೆನಪಾಗುತ್ತದೆ.

ಚೀಟಿ ಬೆಳಗ್ಗೆ ಚಹಾದ ಕಪ್ಪಿನ ಕೆಳಗಿತ್ತು. ಓದಿದಳು, ಮಡಚಿ ದೇವರ ಮನೆಯಲ್ಲಿ ಇಟ್ಟಳು. ಮನೆ ಬಿಡುವ ಮೊದಲು ಪರ್ಸು, ಚೀಲ ಎಲ್ಲ ನಾನೇ ತಪಾಸಣೆ ಮಾಡಿದೆ. ಮಧ್ಯಾಹ್ನದ ಎರಡನೇ ಪೇಪರಿಗೆ ಮೊದಲು ಇನ್ನೊಂದು ಚೀಟಿ, ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದ್ದೆ: "ಸಕಾಳಚಂ ಸೋಡ್. ಆಧೀ ಜೇವ್." ಬೆಳಗಿನದು ಬಿಡು, ಮೊದಲು ಊಟ ಮಾಡು. ಗೇಟಿನ ಹೊರಗೆ ಎಲ್ಲರೂ ಗುಂಪು ಕಟ್ಟಿ ಉತ್ತರ ಹೋಲಿಸುತ್ತಿರುತ್ತಾರೆ. ಹಿಂದಿನ ಸಲ ಆ ಗುಂಪಿನಲ್ಲಿ ನಿಂತು ಎರಡು ತಪ್ಪು ಗೊತ್ತಾಗಿ ಊಟವನ್ನೇ ಬಿಟ್ಟಿದ್ದಳು. ಈ ಸಲ ಬೇವಿನ ಮರದ ಕೆಳಗೆ ಕೂತು ಎರಡು ಭಕ್ರಿ ತಿಂದಳು. ಡಬ್ಬಿ ಮತ್ತು ಚೀಟಿ ನನ್ನ ಕೈಗೆ ವಾಪಸ್ ಬಂದವು.

ನಡುವೆ ಬೇರೆ ಪ್ರಯೋಗಗಳೂ ಆದವು. 50 ಪೈಸೆಯ ಪೋಸ್ಟ್ ಕಾರ್ಡಿನಲ್ಲಿ ಬರೆದು ಬುಧವಾರ ಡಬ್ಬಕ್ಕೆ ಹಾಕಿದ್ದೆ. ಪರೀಕ್ಷೆ ಭಾನುವಾರ, ಕಾರ್ಡು ಬಂದದ್ದು ಮಂಗಳವಾರ. ಮರಾಠಿಯನ್ನು ಕನ್ನಡ ಅಕ್ಷರದಲ್ಲಿ ಬರೆದೂ ನೋಡಿದೆ. ಅವಳು ಮರಾಠಿ ಶಾಲೆಯಲ್ಲಿ ಓದಿದವಳು, ತುಟಿ ಅಲ್ಲಾಡಿಸಿ ಓದಬೇಕಾಯಿತು. ವಿಜಯಪುರದ ನನ್ನ ಗೆಳೆಯನ ಹೆಂಡತಿಗೆ ಮಾತ್ರ ಅದೇ ಸರಿಹೋಯಿತು. ಮನೆಮಾತು ಲಂಬಾಣಿ, ಓದಿದ್ದು ಕನ್ನಡ ಶಾಲೆ. ಬ್ಯಾಂಕಿನ ಸಂದರ್ಶನದ ದಿನ ಅವನು ಲಂಬಾಣಿಯಲ್ಲಿ ಎರಡು ಸಾಲು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟ. ಒಂದೇ ನೋಟಕ್ಕೆ ಓದಿದಳಂತೆ. ಮಾತು ತವರಿನದು, ಅಕ್ಷರ ಶಾಲೆಯದು. ನನ್ನ ಲೆಕ್ಕ ಇದು.

ಫಲಿತಾಂಶ ಬಂದ ದಿನ ಅಣ್ಣ ಕುಂದಾ ತಂದ. ಅತ್ತೆಯವರು ಚೀಟಿ ತೋರಿಸು ಅಂದರು, ಐದನೇ ಸಾಲಿನ ಕಾರಣಕ್ಕೆ ಅವಳು ತೋರಿಸಲಿಲ್ಲ. ಈಗ ನೇಮಕಾತಿ ಪರೀಕ್ಷೆಗೆ ಓದುತ್ತಿದ್ದಾಳೆ. ಅಲ್ಲಿ ತಪ್ಪಿಗೆ ಅಂಕ ಕಳೆಯುವ ನಿಯಮ ಇದ್ದರೆ "ಏಕಹೀ ಗೋಲ್" ಸಾಲು ಉಲ್ಟಾ ಆಗುತ್ತದೆ. ಅಧಿಸೂಚನೆ ಬಂದ ಮೇಲೆ ಅದನ್ನು ಪೂರ್ತಿ ಓದಿಯೇ ಹೊಸ ಚೀಟಿಗೆ ಪೆನ್ನು ಹಿಡಿಯುತ್ತೇನೆ.