ಡಿಸ್ಚಾರ್ಜ್ ಸಮರಿಯಲ್ಲಿ ನಿಲ್ಲಿಸಿದ ಮಾತ್ರೆ ಎಲ್ಲಿರುತ್ತದೆ?

ನಾನು ಕುಮಟೆಯ ಚಿಕಿತ್ಸಾಲಯವೊಂದರಲ್ಲಿ ಶುಶ್ರೂಷಕಿ. ಮಂಗಳೂರು, ಹುಬ್ಬಳ್ಳಿಗಳ ಕಡೆಯ ಆಸ್ಪತ್ರೆಗಳಿಂದ ಹಿರಿಯರನ್ನು ಕರೆತಂದ ಮನೆಯವರು ಡಿಸ್ಚಾರ್ಜ್ ಸಮರಿ ಹಿಡಿದು ಬಂದಾಗ, ಹಳೆಯ ಮಾತ್ರೆಗಳ ಸ್ಟ್ರಿಪ್‌ಗಳನ್ನೆಲ್ಲ ಜೊತೆಗೆ ತರುವಂತೆ ಹೇಳುತ್ತೇನೆ.

ಹೃದಯ ವೈಫಲ್ಯದಿಂದ ದಾಖಲಾಗಿದ್ದ ಎಪ್ಪತ್ತೆಂಟರ ಅಜ್ಜಿಯೊಬ್ಬರ ಸಮರಿಯಲ್ಲಿ ಮೊದಲು ರೋಗನಿರ್ಣಯವಿತ್ತು. ಅದರ ಕೆಳಗೆ ‘ಕೆ/ಸಿ/ಒ’ ಎಂದು ಆರಂಭವಾಗುವ ಸಾಲಿನಲ್ಲಿ ಮೊದಲಿನಿಂದ ಇರುವ ಕಾಯಿಲೆಗಳಾದ ಟಿ2ಡಿಎಂ, ಅಂದರೆ ಸಕ್ಕರೆ ಕಾಯಿಲೆ, ಮತ್ತು ಎಚ್‌ಟಿಎನ್, ಅಂದರೆ ಬಿಪಿ, ಇದ್ದವು. ‘ನೋ ಎಚ್/ಒ ಸಿವಿಎ’ ಎಂಬುದನ್ನು ನೋಡಿ ಮಗ ಗಾಬರಿಗೊಂಡಿದ್ದರು. ಹಿಂದೆ ಪಾರ್ಶ್ವವಾಯು ಆಗಿಲ್ಲ ಎಂದಷ್ಟೇ ಅದರ ಅರ್ಥ.

ಕೊನೆಯ ಪುಟದ ಔಷಧಿಗಳನ್ನು ಸೊಸೆಯವರು ಸರಿಯಾಗಿಯೇ ಓದಿಕೊಂಡಿದ್ದರು. 1-0-1 ಎಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ‘ಎಸ್‌ಒಎಸ್’ ಎಂದಿದ್ದ ಪ್ಯಾರಾಸಿಟಮಾಲ್ ನೋವು ಅಥವಾ ಜ್ವರ ಬಂದರೆ ಮಾತ್ರ ಎಂದು ನಾನು ಸೇರಿಸಿದೆ. ಆಗ ಅವರು, “ಸಿಸ್ಟರ್, ಶುಗರ್ ಗುಳಿಗೆ ಇದರಲ್ಲಿ ಇಲ್ಲ. ಬರೆಯಲು ಮರೆತಿರಬೇಕು ಅಂತ ಹಳೆಯದನ್ನೇ ಕೊಡ್ತಾ ಇದ್ದೇವೆ” ಎಂದರು.

ಉತ್ತರ ಔಷಧಿಪಟ್ಟಿಯಲ್ಲಿರದೆ, ಮನೆಯವರು ಸಾಮಾನ್ಯವಾಗಿ ಓದದೆ ಬಿಡುವ ‘ಕೋರ್ಸ್ ಇನ್ ಹಾಸ್ಪಿಟಲ್’ ಎಂಬ ದಟ್ಟ ಪರಿಚ್ಛೇದದಲ್ಲಿತ್ತು: ಕ್ರಿಯೇಟಿನಿನ್ ಏರಿದ್ದರಿಂದ ಮೆಟ್‌ಫಾರ್ಮಿನ್ ತಡೆಹಿಡಿಯಲಾಗಿದೆ. ಮೆಟ್‌ಫಾರ್ಮಿನ್ ಎಂಬುದೇ ಆ ಶುಗರ್ ಗುಳಿಗೆ. ರಕ್ತದಲ್ಲಿ ಕ್ರಿಯೇಟಿನಿನ್ ಏರುವುದು ಮೂತ್ರಪಿಂಡ ಸೋಲುತ್ತಿರುವುದರ ಗುರುತು; ಮೂತ್ರಪಿಂಡ ಸೋತಾಗ ಆ ಔಷಧಿ ದೇಹದಲ್ಲಿ ಉಳಿದುಕೊಳ್ಳುತ್ತದೆ. ಅಂತ್ಯದಲ್ಲಿ ‘ಆರ್/ವಿ ವಿತ್ ಆರ್‌ಎಫ್‌ಟಿ’ ಎಂದಿದ್ದುದಕ್ಕೂ ಇದೇ ಕಾರಣ. ಮೂತ್ರಪಿಂಡದ ರಕ್ತಪರೀಕ್ಷೆಯ ವರದಿಯೊಂದಿಗೆ ಮರಳಿ ತೋರಿಸಬೇಕು.

ಬಳಿಕ ಸ್ಟ್ರಿಪ್‌ಗಳನ್ನು ಮೇಜಿನ ಮೇಲೆ ಹರಡಿ, ದೊಡ್ಡಕ್ಷರದ ಕಂಪನಿ ಹೆಸರನ್ನು ಬಿಟ್ಟು, ಸಣ್ಣಕ್ಷರದ ಔಷಧಿಯ ಹೆಸರನ್ನು ಒಂದೊಂದಾಗಿ ಸಮರಿಯೊಂದಿಗೆ ಹೋಲಿಸಿದೆವು. ಹೊಸ ಬಿಪಿ ಮಾತ್ರೆಯಲ್ಲಿ ಟೆಲ್ಮಿಸಾರ್ಟನ್ 40 ಮಿಲಿಗ್ರಾಂ ಜೊತೆಗೆ ಇನ್ನೊಂದು ಔಷಧಿಯಿತ್ತು; ಬೇರೆ ಹೆಸರಿನ ಹಳೆಯ ಸ್ಟ್ರಿಪ್‌ನಲ್ಲಿಯೂ ಅದೇ ಟೆಲ್ಮಿಸಾರ್ಟನ್ 40. ಎರಡನ್ನೂ ನುಂಗುತ್ತಿದ್ದ ಅಜ್ಜಿಗೆ ಏಳುವಾಗ ತಲೆ ಸುತ್ತುತ್ತಿತ್ತು. ಹಳೆಯದನ್ನು ನಿಲ್ಲಿಸಿ ಎಂದು ಸಮರಿಯಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಮಾತ್ರೆ ನಿಲ್ಲಿಸುವ ನಿರ್ಧಾರ ನನ್ನದಲ್ಲವಾದ್ದರಿಂದ, ಬಿಪಿ ನೋಡಿ, ಸಮರಿಯಲ್ಲಿದ್ದ ಸಂಖ್ಯೆಗೆ ಅಲ್ಲಿಂದಲೇ ಕರೆ ಮಾಡಿ ವೈದ್ಯರನ್ನು ಕೇಳಿದೆ. ಹಳೆಯ ಟೆಲ್ಮಿಸಾರ್ಟನ್ ಬೇಡ, ಮೆಟ್‌ಫಾರ್ಮಿನ್ ಪರೀಕ್ಷೆಯ ತನಕ ಬೇಡ, ಅಲ್ಲಿಯವರೆಗೆ ದಿನವೂ ಸಕ್ಕರೆ ಪರೀಕ್ಷಿಸಿ ಬರೆದಿಡಿ ಎಂದರು. ಆ ಎರಡು ಸ್ಟ್ರಿಪ್‌ಗಳ ಮೇಲೆ ಮಾರ್ಕರ್‌ನಿಂದ ‘ಕೊಡಬಾರದು’ ಎಂದು ಬರೆದು, ಬೇರೆ ಲಕೋಟೆಗೆ ಹಾಕಿಸಿದೆ.

ದ್ರವ ದಿನಕ್ಕೆ 1.5 ಲೀಟರ್ ಎಂಬ ಮಿತಿಯನ್ನು ಮನೆಯವರು ಕುಡಿಯುವ ನೀರಿಗೆ ಮಾತ್ರ ಲೆಕ್ಕ ಹಾಕಿದ್ದರು. ಚಹಾ, ಸಾರು, ಎರಡು ಹೊತ್ತಿನ ಕುಚ್ಚಲಕ್ಕಿ ಗಂಜಿಯ ತಿಳಿ ಎಲ್ಲವೂ ಅದರೊಳಗೇ ಬರಬೇಕು ಎಂದೆ. ಗಂಜಿಯನ್ನು ಬಿಡಿಸಲಿಲ್ಲ, ತಿಳಿ ಬಸಿದು, ಉಪ್ಪಿನಕಾಯಿ ಇಲ್ಲದೆ ಕೊಡಲು ಹೇಳಿದೆ.